ನವೀಕರಣದ ಹಣ ಬಾರದಿದ್ದಾಗ ಎಷ್ಟು ದಿನ ಕಾಯಬೇಕು, ಯಾವಾಗ ಬಾಗಿಲು ಮುಚ್ಚಬೇಕು?

ಪ್ರಶ್ನೆ: ನಾವು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕನ್ನಡದಲ್ಲಿ ಆನ್‌ಲೈನ್ ತರಗತಿ ನಡೆಸುತ್ತೇವೆ. ತಿಂಗಳಿಗೆ 299 ರೂಪಾಯಿ, ಮೊದಲ ವಾರ 1 ರೂಪಾಯಿಗೆ ಪ್ರಾಯೋಗಿಕ ಪ್ರವೇಶ. ಬಹುತೇಕ ಎಲ್ಲರೂ ಯುಪಿಐ ಆಟೋಪೇ ಮೂಲಕವೇ ಕಟ್ಟುತ್ತಾರೆ. ನವೀಕರಣದ ದಿನ ಹಣ ಬರದಿದ್ದರೆ ಮೊದಲು ಅಂದೇ ಪ್ರವೇಶ ನಿಲ್ಲಿಸುತ್ತಿದ್ದೆವು, ಅನೇಕರು ಮರಳಿ ಬರಲೇ ಇಲ್ಲ. ಈಗ ಎಲ್ಲರಿಗೂ ಹದಿನೈದು ದಿನ ಬಿಟ್ಟಿದ್ದೇವೆ, ಕೆಲವರು ಆ ಹದಿನೈದು ದಿನ ಪುಕ್ಕಟೆ ನೋಡಿ ಹೊರಟು ಹೋಗುತ್ತಿದ್ದಾರೆ. ಎಷ್ಟು ದಿನ ಇಡುವುದು ಸರಿ?

ಉತ್ತರ: ಎಲ್ಲರಿಗೂ ಅನ್ವಯವಾಗುವ ಒಂದು ಸಂಖ್ಯೆಯನ್ನು ನಾನು ಹೇಳಲಾರೆ, ಏಕೆಂದರೆ ಅಂಥ ಒಂದು ಸಂಖ್ಯೆಯನ್ನು ಇಟ್ಟುಕೊಂಡದ್ದರಿಂದಲೇ ನಿಮಗೆ ಎರಡೂ ಕಡೆಯಿಂದ ನಷ್ಟವಾಗಿದೆ. ಹಣ ಬಾರದಿದ್ದರೂ ಬಾಗಿಲು ತೆರೆದಿಡುವ ದಿನಗಳು, ಅಂದರೆ ಗ್ರೇಸ್ ಅವಧಿ, ಎಷ್ಟಿರಬೇಕು ಎಂಬುದನ್ನು ನಿರ್ಧರಿಸುವುದು ಹಣ ಏಕೆ ಬರಲಿಲ್ಲ ಎಂಬ ಕಾರಣ ಮತ್ತು ತಿಂಗಳ ಯಾವ ತಾರೀಕಿನಂದು ಬರಲಿಲ್ಲ ಎಂಬ ಸಂಗತಿ. ಈ ಎರಡನ್ನು ಬೇರ್ಪಡಿಸಿ ನೋಡಿದರೆ ಕೆಲವರಿಗೆ ಹದಿನಾಲ್ಕು ದಿನ ಕೊಡುವುದು ಲಾಭದಾಯಕ ಎಂದೂ, ಕೆಲವರಿಗೆ ಐದು ದಿನಕ್ಕಿಂತ ಹೆಚ್ಚು ಕೊಟ್ಟು ಪ್ರಯೋಜನವಿಲ್ಲ ಎಂದೂ, ಇನ್ನು ಕೆಲವರಿಗೆ ಗ್ರೇಸ್ ಅವಧಿಯೇ ಬೇಕಿಲ್ಲ ಎಂದೂ ನಿಮಗೇ ಕಾಣುತ್ತದೆ.

ಮೊದಲು ಮಾಡಬೇಕಾದ ಕೆಲಸ, ಕಳೆದ ಎರಡು ಮೂರು ತಿಂಗಳಲ್ಲಿ ವಿಫಲವಾದ ನವೀಕರಣಗಳ ಪಟ್ಟಿಯನ್ನು ನಿಮ್ಮ ಪೇಮೆಂಟ್ ಗೇಟ್‌ವೇಯಿಂದ ಇಳಿಸಿಕೊಂಡು, ಪ್ರತಿಯೊಂದರ ಮುಂದೆ ವೈಫಲ್ಯದ ಕಾರಣವನ್ನು ಬರೆದುಕೊಳ್ಳುವುದು. ಯುಪಿಐನಲ್ಲಿ ಖಾತೆಯಲ್ಲಿ ಹಣ ಸಾಲದಿದ್ದರೆ ಸಾಮಾನ್ಯವಾಗಿ Z9 ಎಂಬ ಸಂಕೇತ ಬರುತ್ತದೆ. ಗೇಟ್‌ವೇ ಅದನ್ನು ತನ್ನದೇ ಪದಗಳಲ್ಲಿ ತೋರಿಸಿರಬಹುದು. ಗ್ರಾಹಕರು ತಮ್ಮ ಯುಪಿಐ ಆ್ಯಪ್‌ನೊಳಗೆ ಹೋಗಿ ಆಟೋಪೇಗೆ ಕೊಟ್ಟ ಒಪ್ಪಿಗೆಯಾದ ಮ್ಯಾಂಡೇಟನ್ನೇ ರದ್ದು ಮಾಡಿದ್ದರೆ ಅದು ಬೇರೆಯಾಗಿ ದಾಖಲಾಗುತ್ತದೆ. ಮೂರನೆಯ ಗುಂಪು ತಾಂತ್ರಿಕವಾದದ್ದು: ಬ್ಯಾಂಕಿನ ಸರ್ವರ್ ಉತ್ತರಿಸಲಿಲ್ಲ, ಕಡಿತಕ್ಕೆ ಮುನ್ನ ಕಳುಹಿಸಲೇಬೇಕಾದ ಸೂಚನೆ ತಲುಪಲಿಲ್ಲ, ಅಥವಾ ಹಣ ಹೋಯಿತೋ ಇಲ್ಲವೋ ಎಂಬುದು ಇನ್ನೂ ಇತ್ಯರ್ಥವಾಗದೆ ಬಾಕಿ ಇದೆ. ಹೊರಗಿನಿಂದ ಈ ಮೂರೂ ಒಂದೇ ರೀತಿ, ಅಂದರೆ "ಹಣ ಬರಲಿಲ್ಲ" ಎಂದಷ್ಟೇ ಕಾಣುವುದರಿಂದ ಬಹಳಷ್ಟು ಸಣ್ಣ ಸಂಸ್ಥೆಗಳು ಮೂರಕ್ಕೂ ಒಂದೇ ಮದ್ದು ಕೊಡುತ್ತವೆ.

ಮ್ಯಾಂಡೇಟ್ ರದ್ದು ಮಾಡಿದವರಿಗೆ ಗ್ರೇಸ್ ಅವಧಿ ಬೇಡ. ಅವರು ತಮ್ಮ ನಿರ್ಧಾರವನ್ನು ಯೋಚಿಸಿಯೇ ತಿಳಿಸಿದ್ದಾರೆ. ನೀವು ಮಾಡಬೇಕಾದದ್ದು ಅವರು ಈಗಾಗಲೇ ಹಣ ಕೊಟ್ಟಿರುವ ಕೊನೆಯ ದಿನದವರೆಗೆ ಪ್ರವೇಶವನ್ನು ಪೂರ್ತಿಯಾಗಿ ಉಳಿಸುವುದು, ಆ ದಿನ ಮುಗಿದ ಮೇಲೆ ಮುಚ್ಚುವುದು. ಕೆಲವರು ರದ್ದು ಮಾಡಿದ ಕ್ಷಣದಲ್ಲೇ ಬಾಗಿಲು ಮುಚ್ಚಿಬಿಡುತ್ತಾರೆ. ಹಣ ಕೊಟ್ಟ ದಿನಗಳನ್ನು ಕಿತ್ತುಕೊಂಡಂತಾಗುವುದರಿಂದ ಅದು ತಪ್ಪು, ಮತ್ತು ಮುಂದಿನ ಪರೀಕ್ಷೆಗೆ ಅಧಿಸೂಚನೆ ಬಂದಾಗ ಮರಳಿ ಬರಬಹುದಾಗಿದ್ದವರನ್ನೂ ಅದು ದೂರ ಮಾಡುತ್ತದೆ.

ತಾಂತ್ರಿಕ ವೈಫಲ್ಯದಲ್ಲಿ, ಅದರಲ್ಲೂ ಸ್ಥಿತಿ ಬಾಕಿ ಎಂದು ತೋರಿಸುತ್ತಿರುವಾಗ, ಯಾವ ಕಾರಣಕ್ಕೂ ಪ್ರವೇಶ ನಿಲ್ಲಿಸಬೇಡಿ. ಗ್ರಾಹಕರ ಖಾತೆಯಿಂದ ಹಣ ಹೋಗಿದ್ದು ವ್ಯಾಪಾರಿಗೆ ಖಚಿತತೆ ಬಂದಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ಆ ಹಣವನ್ನು ವಹಿವಾಟಿನ ದಿನದಿಂದ ಐದು ದಿನಗಳೊಳಗೆ ತಾನಾಗಿಯೇ ಹಿಂದಿರುಗಿಸಬೇಕು. ಅಂದರೆ ಕೆಲವು ಪ್ರಕರಣಗಳಲ್ಲಿ ಅಷ್ಟು ದಿನ ಗ್ರಾಹಕರ ಪಾಸ್‌ಬುಕ್ಕಿನಲ್ಲಿ ಹಣ ಕಡಿತವಾದದ್ದು ಕಾಣುತ್ತಿರುತ್ತದೆ, ನಿಮ್ಮ ಲೆಕ್ಕದಲ್ಲಿ ಬಂದಿರುವುದಿಲ್ಲ. ಆ ಸ್ಥಿತಿಯಲ್ಲಿ ತರಗತಿ ಮುಚ್ಚಿದರೆ, ಹಣ ಕೊಟ್ಟ ವಿದ್ಯಾರ್ಥಿಯನ್ನು ಹೊರಗೆ ಹಾಕಿದಂತಾಗುತ್ತದೆ, ಆ ಗ್ರಾಹಕರನ್ನು ಮತ್ತೆ ಒಲಿಸುವುದು ಬಹಳ ಕಷ್ಟ.

ಇನ್ನು ಉಳಿಯುವುದು ಖಾತೆಯಲ್ಲಿ ಹಣವಿಲ್ಲದವರು. ನಿಮ್ಮ ಬೆಲೆ ಮತ್ತು ನಿಮ್ಮ ವಿದ್ಯಾರ್ಥಿವರ್ಗವನ್ನು ನೋಡಿದರೆ ವೈಫಲ್ಯಗಳಲ್ಲಿ ದೊಡ್ಡ ಪಾಲು ಇದೇ ಆಗಿರುತ್ತದೆ ಎಂದು ನಾನು ನಿರೀಕ್ಷಿಸುತ್ತೇನೆ. ಉತ್ತರದ ಹೆಚ್ಚಿನ ಭಾಗವನ್ನು ಇವರಿಗೇ ಮೀಸಲಿಡುತ್ತೇನೆ.

ಇವರೊಳಗೆ ಮೊದಲು ಬೇರ್ಪಡಿಸಬೇಕಾದವರು 1 ರೂಪಾಯಿಯ ಪ್ರಾಯೋಗಿಕ ವಾರದ ನಂತರ ಮೊದಲ ಬಾರಿಗೆ 299 ರೂಪಾಯಿ ಕಡಿತವಾಗಬೇಕಿದ್ದವರು. ಇವರು ಇನ್ನೂ ಒಮ್ಮೆಯೂ ಪೂರ್ತಿ ಬೆಲೆ ಕೊಟ್ಟಿಲ್ಲ. ಆಟೋಪೇಗೆ ಒಪ್ಪಿಗೆ ಕೊಟ್ಟ ಖಾತೆಯಲ್ಲಿ ಬೇಕೆಂದೇ ಹಣ ಇಡದವರೂ ಇವರಲ್ಲಿ ಇರುತ್ತಾರೆ. "ಪುಕ್ಕಟೆ ನೋಡಿ ಹೊರಟು ಹೋಗುವವರು" ಎಂದು ನೀವು ಹೇಳಿದವರ ಪಟ್ಟಿ ತೆಗೆದು ನೋಡಿದರೆ, ಅವರಲ್ಲಿ ಬಹುಪಾಲು ಈ ಗುಂಪಿನವರು ಅಥವಾ ಮ್ಯಾಂಡೇಟ್ ರದ್ದು ಮಾಡಿದವರು ಎಂಬುದು ನಿಮಗೆ ಗೊತ್ತಾಗಬಹುದು. ಒಂದು ವಾರದ ಜೊತೆಗೆ ಹದಿನೈದು ದಿನ ಸೇರಿದರೆ 1 ರೂಪಾಯಿಗೆ ಮೂರು ವಾರದ ತರಗತಿ ಸಿಕ್ಕಂತಾಯಿತು; ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಸೇರಿದ ವಿದ್ಯಾರ್ಥಿಗೆ ಅಷ್ಟೇ ಸಾಕು. ಈ ಗುಂಪಿಗೆ ಎರಡು ದಿನ ಕೊಡಿ, ಅದಕ್ಕಿಂತ ಹೆಚ್ಚು ಬೇಡ.

ಒಂದು ತಿಂಗಳಾದರೂ ಪೂರ್ತಿ ಹಣ ಕೊಟ್ಟ ಹಳೆಯ ಚಂದಾದಾರರ ವಿಷಯ ಬೇರೆ. ಇವರಲ್ಲಿ ಇಪ್ಪತ್ತೇಳನೇ ತಾರೀಕಿನ ವೈಫಲ್ಯವೂ ಹನ್ನೆರಡನೇ ತಾರೀಕಿನ ವೈಫಲ್ಯವೂ ಒಂದೇ ಸಂಕೇತವನ್ನು ತೋರಿಸಿದರೂ ಅವುಗಳ ಅರ್ಥ ಒಂದೇ ಅಲ್ಲ. ತಿಂಗಳ ಕೊನೆಯಲ್ಲಿ ಖಾತೆ ಬರಿದಾಗಿದೆ ಎಂದರೆ ಸಂಬಳ ಬರುವುದು ಬಾಕಿ ಇದೆ ಎಂದು ತಿಳಿಯಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು ಎಂಬುದು ನಮ್ಮ ವೇತನ ಕಾನೂನಿನ ಸಾಮಾನ್ಯ ನಿಯಮ. ಸಣ್ಣ ಅಂಗಡಿ, ಖಾಸಗಿ ಶಾಲೆ, ಗುತ್ತಿಗೆ ಕೆಲಸಗಳಲ್ಲಿ ಅದು ಒಂದನೇ ತಾರೀಕಿಗೇ ಬರುತ್ತದೆ ಎಂದು ನಂಬುವಂತಿಲ್ಲ. ನಿಮ್ಮ ವಿದ್ಯಾರ್ಥಿಗಳು ಸ್ವತಃ ದುಡಿಯದೆ ಮನೆಯಿಂದ ಹಣ ತರಿಸಿಕೊಳ್ಳುವವರಾದರೂ, ಮನೆಗೆ ಸಂಬಳ ಬಂದ ಮೇಲೆಯೇ ಅವರ ಖಾತೆಗೂ ಹಣ ಬರುತ್ತದೆ. ಆದ್ದರಿಂದ 25ರಂದು ಅಥವಾ ಅದರ ನಂತರ ವಿಫಲವಾದವರಿಗೆ ಮುಂದಿನ ತಿಂಗಳ 8ರವರೆಗೆ ಕಾಯುವುದರಲ್ಲಿ ಅರ್ಥವಿದೆ, ಏಕೆಂದರೆ ನೀವು ಕಾಯುತ್ತಿರುವುದು ನಿಜವಾಗಿ ಬರಲಿರುವ ಹಣಕ್ಕೆ.

ತಿಂಗಳ ನಡುವೆ ಖಾತೆ ಬರಿದಾಗಿದ್ದರೆ ಕಥೆ ಬೇರೆ. ಬಂದ ಸಂಬಳ ಮನೆ ಬಾಡಿಗೆಗೆ, ಸಾಲದ ಕಂತಿಗೆ ಹೋಗಿಯಾಗಿದೆ, ಮುಂದಿನ ಹಣಕ್ಕೆ ಇನ್ನೂ ಮೂರು ವಾರವಿದೆ. ಇಲ್ಲಿ ಹತ್ತು ದಿನ ಹೆಚ್ಚು ಕಾಯ್ದರೂ ಆ ಖಾತೆಗೆ ಹಣ ಬಂದು ಬೀಳುವುದಿಲ್ಲ. ಆದರೆ ಅನೇಕರಿಗೆ ಎರಡು ಖಾತೆಗಳಿರುತ್ತವೆ. ಆಟೋಪೇಗೆ ಜೋಡಿಸಿದ್ದು ಹಳೆಯ ಕಾಲೇಜು ದಿನಗಳ ಖಾತೆ, ಹಣ ಇರುವುದು ಇನ್ನೊಂದರಲ್ಲಿ. ಅಂಥವರಿಗೆ ಬೇಕಾದದ್ದು ಬೇರೆ ಖಾತೆಯಿಂದ ಒಂದೇ ಸಲ ಕಟ್ಟುವ ದಾರಿ. ಆ ದಾರಿ ಮೊದಲ ದಿನವೇ ಅವರ ಕಣ್ಣಿಗೆ ಬಿದ್ದರೆ ಕಟ್ಟುವವರು ಎರಡು ಮೂರು ದಿನದಲ್ಲಿ ಕಟ್ಟುತ್ತಾರೆ, ಮತ್ತು ಐದು ದಿನದ ಅವಧಿ ಅವರಿಗೆ ಸಾಕಾಗುತ್ತದೆ.

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಇವು ವಿವರಣೆಗಾಗಿ ಊಹಿಸಿಕೊಂಡ ಸಂಖ್ಯೆಗಳು. ನಿಮ್ಮ ಪಟ್ಟಿಯ ಸಂಖ್ಯೆಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ 1,000 ನವೀಕರಣಗಳಲ್ಲಿ 140 ವಿಫಲವಾದವು ಎಂದುಕೊಳ್ಳಿ. ಅದರಲ್ಲಿ 20 ಮ್ಯಾಂಡೇಟ್ ರದ್ದಾದವು, 15 ತಾಂತ್ರಿಕ, 30 ಪ್ರಾಯೋಗಿಕ ವಾರದ ನಂತರದ ಮೊದಲ ಕಡಿತಗಳು. ಉಳಿದ 75 ಜನ ಹಳೆಯ ಚಂದಾದಾರರು, ಖಾತೆಯಲ್ಲಿ ಹಣವಿಲ್ಲದವರು. ಇವರಲ್ಲಿ 40 ಜನರದ್ದು 25ನೇ ತಾರೀಕಿನಂದು ಅಥವಾ ಅದರ ನಂತರ ವಿಫಲವಾದದ್ದು, 35 ಜನರದ್ದು ತಿಂಗಳ ನಡುವೆ ವಿಫಲವಾದದ್ದು. ಎಲ್ಲರಿಗೂ ಈಗಿರುವ ಹಾಗೆ ಹದಿನೈದು ದಿನ ತೆರೆದಿಟ್ಟಾಗ, ತಿಂಗಳ ಕೊನೆಯ 40 ಜನರಲ್ಲಿ ಮೊದಲ ಮೂರು ದಿನದಲ್ಲಿ 6 ಜನ, ಅಲ್ಲಿಂದ ಮುಂದಿನ 8ನೇ ತಾರೀಕಿನೊಳಗೆ ಇನ್ನೂ 20 ಜನ, ಆಮೇಲೆ ಒಬ್ಬರು ಕಟ್ಟಿದರು. ತಿಂಗಳ ನಡುವಿನ 35 ಜನರಲ್ಲಿ ಮೊದಲ ಮೂರು ದಿನದಲ್ಲಿ 11, ಐದನೇ ದಿನದೊಳಗೆ ಇನ್ನೂ 3, ಉಳಿದ ಹತ್ತು ದಿನದಲ್ಲಿ 2 ಜನ ಕಟ್ಟಿದರು. ಹೀಗಿದ್ದರೆ ಎಲ್ಲರಿಗೂ ಐದು ದಿನ ಎಂಬ ನಿಯಮ ಮೊದಲ ಗುಂಪಿನ ಸುಮಾರು ಇಪ್ಪತ್ತು ಜನರನ್ನು ಸಂಬಳ ಬರುವ ಮುನ್ನವೇ ಹೊರಗೆ ತಳ್ಳುತ್ತಿತ್ತು. ಎಲ್ಲರಿಗೂ ಹದಿನೈದು ದಿನ ಎಂಬ ನಿಯಮ ಎರಡನೆಯ ಗುಂಪಿನ 21 ಜನರಿಗೆ ಹತ್ತು ದಿನ ತೆರೆದಿಟ್ಟು ಇಬ್ಬರನ್ನು ತಂದಿತು.

ಆ ಇಬ್ಬರಿಗಾಗಿ ಕಾಯ್ದದ್ದು ನಷ್ಟವೇ? 299 ರೂಪಾಯಿಯಲ್ಲಿ ಶೇ 18ರ ಜಿಎಸ್‌ಟಿ ಒಳಗೊಂಡಿದ್ದರೆ ನಿಮಗೆ ಉಳಿಯುವುದು ಸುಮಾರು 253 ರೂಪಾಯಿ. ಗೇಟ್‌ವೇ ಶುಲ್ಕ, ಬೋಧಕರ ಪಾಲು ಎಲ್ಲ ಕಳೆದು ತಿಂಗಳಿಗೆ 150 ಉಳಿಯುತ್ತದೆ, ಮರಳಿ ಬಂದವರು ಸರಾಸರಿ ಇನ್ನು ನಾಲ್ಕು ತಿಂಗಳು ಇರುತ್ತಾರೆ ಎಂದಿಟ್ಟುಕೊಂಡರೆ ಒಬ್ಬರಿಂದ 600, ಇಬ್ಬರಿಂದ 1,200 ರೂಪಾಯಿ. ಖರ್ಚಿನ ಕಡೆ, ವಿಡಿಯೋ ಬಿತ್ತರಕ್ಕೆ ಒಬ್ಬ ವಿದ್ಯಾರ್ಥಿಗೆ ದಿನಕ್ಕೆ ಒಂದೂವರೆ ರೂಪಾಯಿ ಎಂದು ಹಿಡಿದರೆ 21 ಜನರ ಹತ್ತು ದಿನಕ್ಕೆ 315. ಇಷ್ಟನ್ನೇ ನೋಡಿದರೆ ಕಾಯುವುದೇ ಲಾಭ ಎನಿಸುತ್ತದೆ, ಮತ್ತು ಗ್ರೇಸ್ ಅವಧಿಯನ್ನು ಉದ್ದ ಮಾಡುವವರೆಲ್ಲ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಆದರೆ ಕೇಳಬೇಕಾದ ಪ್ರಶ್ನೆ ಹತ್ತು ದಿನದಲ್ಲಿ ಎಷ್ಟು ಜನ ಬಂದರು ಎಂಬುದಲ್ಲ, ಐದನೇ ದಿನ ಮುಚ್ಚಿದ್ದರೆ ಆ ಇಬ್ಬರಲ್ಲಿ ಎಷ್ಟು ಜನ ಬರುತ್ತಿರಲಿಲ್ಲ ಎಂಬುದು. ಬಾಗಿಲು ಮುಚ್ಚಿದ್ದನ್ನು ನೋಡಿಯೇ ಹಣ ಕಟ್ಟುವವರು ಎಲ್ಲ ಕಡೆ ಇದ್ದಾರೆ. ಅವರಿಗೆ ಹಣದ ಕೊರತೆ ಇರಲಿಲ್ಲ, ಗಮನದ ಕೊರತೆ ಇತ್ತು. ಇಬ್ಬರೂ ಹೇಗೂ ಬರುತ್ತಿದ್ದವರಾದರೆ ಹೆಚ್ಚುವರಿ ಹತ್ತು ದಿನದ ಗಳಿಕೆ ಸೊನ್ನೆ, ಖರ್ಚು 315. ಒಬ್ಬರು ಮಾತ್ರ ಬರುತ್ತಿದ್ದರೆ 285 ರೂಪಾಯಿ ಲಾಭ. ಎರಡೂ ಸಣ್ಣ ಮೊತ್ತಗಳೇ. ಆದ್ದರಿಂದ ನೇರ ಖರ್ಚಿನ ಭಯದಿಂದ ಅವಧಿಯನ್ನು ಕತ್ತರಿಸಬೇಡಿ. ಉದ್ದನೆಯ ಅವಧಿಯ ನಿಜವಾದ ಬೆಲೆ ಬೇರೆ ಕಡೆ ಇದೆ. ಮೂರನೇ ದಿನ ಕಟ್ಟುತ್ತಿದ್ದವರು ಹದಿನಾಲ್ಕನೇ ದಿನ ಕಟ್ಟಿದರಾಯಿತು ಎಂದು ಕಲಿತುಕೊಳ್ಳುತ್ತಾರೆ, ಮತ್ತು ಹೀಗೆ ಕಲಿತವರ ಸಂಖ್ಯೆ ಪ್ರತಿ ತಿಂಗಳೂ ಬೆಳೆಯುತ್ತದೆ. ನಿಮ್ಮ ವರದಿಯಲ್ಲಿ ಇದನ್ನು ಗುರುತಿಸುವುದು ಸುಲಭ: ಪ್ರತಿ ತಿಂಗಳು ವಿಫಲವಾದವರು ಎಷ್ಟನೇ ದಿನ ಕಟ್ಟಿದರು ಎಂಬ ಮಧ್ಯಾಂಕ ತಿಂಗಳಿಂದ ತಿಂಗಳಿಗೆ ತಡವಾಗುತ್ತಾ ಹೋದರೆ ನಿಮ್ಮ ಗ್ರೇಸ್ ಅವಧಿಯೇ ಗಡುವಾಗಿಬಿಟ್ಟಿದೆ ಎಂದರ್ಥ. ಇದಕ್ಕೆ ಅಡ್ಡಿ ಹಾಕಲು ಪೂರ್ತಿ ಅವಧಿಯನ್ನು ಸತತವಾಗಿ ಎರಡು ತಿಂಗಳು ಕೊಡಬೇಡಿ. ಕಳೆದ ತಿಂಗಳ ಹಣವೂ ತಡವಾಗಿ, ಗ್ರೇಸ್ ಅವಧಿಯಲ್ಲಿ ಬಂದಿದ್ದರೆ ಈ ತಿಂಗಳು ಎರಡೇ ದಿನ.

ಮರುಪ್ರಯತ್ನಗಳ ವಿಷಯ ಇಲ್ಲಿ ಬರಬೇಕು, ಏಕೆಂದರೆ ಯುಪಿಐನಲ್ಲಿ ಅವು ಎಣಿಸಿಕೊಟ್ಟಷ್ಟೇ ಸಿಗುತ್ತವೆ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ, ಯುಪಿಐ ನಡೆಸುವ ಎನ್‌ಪಿಸಿಐಯ ನಿಯಮದಂತೆ ಆಟೋಪೇ ಕಡಿತಗಳು ದಟ್ಟಣೆಯ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮತ್ತು ಸಂಜೆ 5ರಿಂದ ರಾತ್ರಿ 9.30ರವರೆಗೆ ನಡೆಯುವುದಿಲ್ಲ, ಒಂದು ಕಡಿತಕ್ಕೆ ಮೊದಲ ಪ್ರಯತ್ನವಲ್ಲದೆ ಗರಿಷ್ಠ ಮೂರು ಮರುಪ್ರಯತ್ನಗಳಿಗೆ ಮಾತ್ರ ಅವಕಾಶ. ಈ ಮೂರನ್ನೂ 27ರಿಂದ 30ರೊಳಗೆ, ಖಾತೆ ಬರಿದಾಗಿರುವ ದಿನಗಳಲ್ಲೇ ಮುಗಿಸಿಬಿಟ್ಟರೆ, ಸಂಬಳ ಬಂದ 5ನೇ ತಾರೀಕಿನಂದು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಗೇಟ್‌ವೇಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಮರುಪ್ರಯತ್ನಗಳು ಯಾವ ದಿನ ಯಾವ ಹೊತ್ತಿಗೆ ನಡೆಯುತ್ತವೆ, ಅವನ್ನು ಬದಲಿಸಲು ನಮಗೆ ಅವಕಾಶವಿದೆಯೇ ಎಂಬುದು. ಅವಕಾಶವಿದ್ದರೆ ತಿಂಗಳ ಕೊನೆಯ ವೈಫಲ್ಯಕ್ಕೆ ಮರುದಿನ ಒಂದು, ಮುಂದಿನ ತಿಂಗಳ 2ರ ಮುಂಜಾನೆ ಒಂದು, 7ರ ಮುಂಜಾನೆ ಒಂದು ಎಂದು ಹಂಚಿಕೊಳ್ಳಿ. ಹಗಲಿನ ಖರ್ಚು ಆರಂಭವಾಗುವ ಮುನ್ನ ಖಾತೆಯಲ್ಲಿ ಹಣ ಇರುವ ಸಾಧ್ಯತೆ ಹೆಚ್ಚು. ಅವಕಾಶವಿಲ್ಲದಿದ್ದರೆ ಆಟೋಪೇ ಮೇಲೆ ಭಾರ ಹಾಕದೆ ಪೇಮೆಂಟ್ ಲಿಂಕನ್ನೇ ಮುಖ್ಯ ದಾರಿ ಮಾಡಿಕೊಳ್ಳಬೇಕಾಗುತ್ತದೆ.

ಗೇಟ್‌ವೇ ಕಳುಹಿಸುವ ಸ್ಥಿತಿಯನ್ನು ಓದುವುದರಲ್ಲೂ ಒಂದು ಸಾಮಾನ್ಯ ಎಡವಟ್ಟಿದೆ. ಉದಾಹರಣೆಗೆ ರೇಜರ್‌ಪೇಯಲ್ಲಿ ಕಡಿತ ವಿಫಲವಾದಾಗ `subscription.pending` ಎಂಬ ಸೂಚನೆಯೂ, ಮರುಪ್ರಯತ್ನಗಳೆಲ್ಲ ಮುಗಿದಾಗ `subscription.halted` ಎಂಬ ಸೂಚನೆಯೂ ಬರುತ್ತವೆ. ಮೊದಲನೆಯದನ್ನು ಕಂಡ ಕೂಡಲೇ ಪ್ರವೇಶ ಮುಚ್ಚುವಂತೆ ಕೋಡ್ ಬರೆದಿದ್ದರೆ ನಿಮಗೆ ಗ್ರೇಸ್ ಅವಧಿಯೇ ಇಲ್ಲ. ಎರಡನೆಯದಕ್ಕೆ ಕಾಯುವಂತೆ ಬರೆದಿದ್ದರೆ ನಿಮ್ಮ ಗ್ರೇಸ್ ಅವಧಿಯನ್ನು ನಿರ್ಧರಿಸುತ್ತಿರುವುದು ಗೇಟ್‌ವೇ, ನೀವಲ್ಲ. ಪಾವತಿಯ ಸ್ಥಿತಿ ಒಂದು ಕಡೆ ಇರಲಿ, ಪ್ರವೇಶ ಯಾವಾಗಿನವರೆಗೆ ಎಂಬ ದಿನಾಂಕ ಬೇರೊಂದು ಕಡೆ ಇರಲಿ, ಮತ್ತು ಆ್ಯಪ್ ನೋಡುವುದು ಎರಡನೆಯದನ್ನು ಮಾತ್ರ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸ್ಥೂಲವಾಗಿ ಇಷ್ಟೇ ಸಾಲುಗಳಲ್ಲಿ ಹಿಡಿಯುತ್ತದೆ:

```
if mandate_revoked:
    access_until = paid_until
elif technical_failure:
    access_until = max(access_until, now + 24h)
elif first_full_charge or last_cycle_late:
    access_until = paid_until + 2d
elif due_day >= 25:
    access_until = next_month(8)
else:
    access_until = paid_until + 5d
```

ಒಂದರಿಂದ ಐದನೇ ತಾರೀಕಿನೊಳಗೆ ವಿಫಲವಾದವರನ್ನು ಯಾವ ಗುಂಪಿಗೆ ಸೇರಿಸಬೇಕು ಎಂದು ನೀವು ಕೇಳಬಹುದು. ಐದು ದಿನದ ನಿಯಮವೇ ಅವರಲ್ಲಿ ಹೆಚ್ಚಿನವರನ್ನು 7, 8ನೇ ತಾರೀಕಿನ ಆಸುಪಾಸಿಗೆ ತಲುಪಿಸುವುದರಿಂದ ಅವರಿಗೆ ಬೇರೆ ನಿಯಮದ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಈ ದಿನಗಳಲ್ಲಿ ಗ್ರಾಹಕರಿಗೆ ಏನು ಹೇಳುತ್ತೀರಿ ಎಂಬುದು. ಮೊದಲ ಸಂದೇಶವನ್ನು ವಿಫಲವಾದ ದಿನವೇ, ಬಾಗಿಲು ಇನ್ನೂ ತೆರೆದಿದೆ ಎಂಬುದನ್ನು ಸ್ಪಷ್ಟವಾಗಿ ಹೇಳುವಂತೆ ಕಳುಹಿಸಬೇಕು. "ನಿಮ್ಮ ಖಾತೆ ಸ್ಥಗಿತಗೊಳ್ಳಲಿದೆ, ಕೂಡಲೇ ಇಲ್ಲಿ ಒತ್ತಿ" ಎಂಬ ಧಾಟಿಯ ಸಂದೇಶಗಳನ್ನು ನಮ್ಮ ಜನ ವಂಚಕರಿಂದ ದಿನವೂ ಪಡೆಯುತ್ತಿರುವುದರಿಂದ, ನಿಮ್ಮದು ನಿಜವಾಗಿದ್ದರೂ ಅಳಿಸಿಬಿಡುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: "ನಮಸ್ಕಾರ. ಈ ತಿಂಗಳ ₹299 ನಿಮ್ಮ ಬ್ಯಾಂಕ್ ಖಾತೆಯಿಂದ ಬರಲಿಲ್ಲ. ನಿಮ್ಮ ತರಗತಿಗಳು 8ನೇ ತಾರೀಕಿನವರೆಗೆ ಎಂದಿನಂತೆ ತೆರೆದಿರುತ್ತವೆ. 2ರಂದು ಮತ್ತು 7ರಂದು ಮತ್ತೆ ಪ್ರಯತ್ನಿಸುತ್ತೇವೆ. ಬೇರೆ ಖಾತೆಯಿಂದ ಕಟ್ಟುವುದಾದರೆ ನಮ್ಮ ಆ್ಯಪ್ ತೆರೆದು 'ನನ್ನ ಚಂದಾ' ಎಂಬಲ್ಲಿ ನೋಡಿ." ಇದರಲ್ಲಿ ಲಿಂಕ್ ಇಲ್ಲ, ಲಿಂಕ್ ಆ್ಯಪ್‌ನೊಳಗೆ ಇದೆ. ದಿನಾಂಕ ಇದೆ. ಮರುಪ್ರಯತ್ನ ಯಾವಾಗ ಎಂದು ತಿಳಿಸಿರುವುದರಿಂದ ಅಂದು ಖಾತೆಯಲ್ಲಿ ಹಣ ಇಡಬೇಕೆನ್ನುವವರು ಇಡುತ್ತಾರೆ. ಎಸ್‌ಎಂಎಸ್ ಮೂಲಕ ಕಳುಹಿಸುವುದಾದರೆ ಈ ಮಾದರಿಯನ್ನು ವಾಣಿಜ್ಯ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಮೊದಲೇ ನೋಂದಾಯಿಸಬೇಕಾಗುವುದರಿಂದ ದಿನಾಂಕಗಳ ಜಾಗವನ್ನು ಖಾಲಿ ಬಿಟ್ಟು, ಎರಡು ದಿನ, ಐದು ದಿನ, 8ನೇ ತಾರೀಕು ಎಂಬ ಮೂರೂ ಗುಂಪುಗಳ ಮಾದರಿಗಳಿಗೆ ಒಮ್ಮೆಲೇ ಅನುಮತಿ ಪಡೆದಿಡಿ.

ಪೇಮೆಂಟ್ ಲಿಂಕ್ ಕೊಟ್ಟ ಮೇಲೆ ಒಂದು ಅಪಾಯವನ್ನು ತಪ್ಪಿಸಲೇಬೇಕು. ವಿದ್ಯಾರ್ಥಿ 6ರ ರಾತ್ರಿ ಲಿಂಕ್ ಮೂಲಕ 299 ಕಟ್ಟಿದರು, ನಿಮ್ಮ ವ್ಯವಸ್ಥೆ ಆಟೋಪೇಯ ಬಾಕಿ ಮರುಪ್ರಯತ್ನವನ್ನು ರದ್ದು ಮಾಡಲಿಲ್ಲ, 7ರ ಮುಂಜಾನೆ ಇನ್ನೊಂದು 299 ಹೋಯಿತು. ಸಂಬಳ ಬಂದ ವಾರದಲ್ಲಿ ಎರಡು ಬಾರಿ ಹಣ ಹೋದ ವಿದ್ಯಾರ್ಥಿ ನಿಮಗೆ ಕರೆ ಮಾಡುವುದಿಲ್ಲ, ನೇರವಾಗಿ ಯುಪಿಐ ಆ್ಯಪ್‌ಗೆ ಹೋಗಿ ಮ್ಯಾಂಡೇಟ್ ರದ್ದು ಮಾಡುತ್ತಾರೆ. ಲಿಂಕ್‌ನಲ್ಲಿ ಹಣ ಬಂದ ಕೂಡಲೇ ಆ ತಿಂಗಳ ಬಿಲ್ಲನ್ನು ತೀರಿಸಿದಂತೆ ಗುರುತಿಸಿ ಮರುಪ್ರಯತ್ನ ನಿಲ್ಲಿಸಲು ನಿಮ್ಮ ಗೇಟ್‌ವೇಯಲ್ಲಿ ದಾರಿ ಇಲ್ಲದಿದ್ದರೆ, ಕೊನೆಯ ಮರುಪ್ರಯತ್ನ ಮುಗಿದ ಮೇಲೆಯೇ ಲಿಂಕ್ ತೋರಿಸಿ. ವಸೂಲಿ ಸ್ವಲ್ಪ ಕಡಿಮೆಯಾದೀತು, ಆದರೂ ಅದೇ ವಾಸಿ.

ಮುಚ್ಚುವುದನ್ನು ಒಂದೇ ಏಟಿಗೆ ಮಾಡಬೇಕಿಲ್ಲ. ನಿಮ್ಮ ವಿಷಯದಲ್ಲಿ ಹೊಸ ತರಗತಿ, ನೇರ ಪ್ರಸಾರ, ಅಣಕು ಪರೀಕ್ಷೆ ಇವು ದಿನದಿಂದ ದಿನಕ್ಕೆ ಬೆಲೆ ಇರುವಂಥವು. ವಿದ್ಯಾರ್ಥಿ ಆಗಲೇ ಇಳಿಸಿಕೊಂಡ ಟಿಪ್ಪಣಿ, ಬರೆದ ಪರೀಕ್ಷೆಗಳ ಅಂಕ, ಗುರುತು ಹಾಕಿಕೊಂಡ ಪ್ರಶ್ನೆಗಳು ಅವರ ಸ್ವಂತ ಶ್ರಮ. ಗಡುವಿನ ದಿನ ಮೊದಲಿನವನ್ನು ಮುಚ್ಚಿ, ಎರಡನೆಯವನ್ನು ಮೂರು ತಿಂಗಳಾದರೂ ತೆರೆದಿಡಿ. ಅವರು ಆ್ಯಪ್ ತೆರೆಯಲು ಒಂದು ಕಾರಣ ಉಳಿಯುತ್ತದೆ, ತೆರೆದಾಗಲೆಲ್ಲ ಕಟ್ಟುವ ಗುಂಡಿ ಕಣ್ಣಿಗೆ ಬೀಳುತ್ತದೆ. ಮುಚ್ಚುವ ಹೊತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಿಮ್ಮ ಕಚೇರಿಯಲ್ಲಿ ಫೋನ್ ಎತ್ತುವವರು ಇರುವಾಗ ಇರಲಿ. ಮಧ್ಯರಾತ್ರಿ ಹನ್ನೆರಡಕ್ಕೆ ಮುಚ್ಚಿದರೆ ರಾತ್ರಿ ಓದುವ ವಿದ್ಯಾರ್ಥಿ ವಿಡಿಯೋದ ನಡುವೆ ಸಿಕ್ಕಿಕೊಳ್ಳುತ್ತಾರೆ, ಕೇಳಲು ಯಾರೂ ಇರುವುದಿಲ್ಲ. ಅಧಿಸೂಚಿತ ಪರೀಕ್ಷೆಗೆ ಮೂರು ದಿನ ಇದ್ದರೆ ಹಳೆಯ ಚಂದಾದಾರರಿಗೆ ಪರೀಕ್ಷೆ ಮುಗಿಯುವವರೆಗೆ ಮುಚ್ಚಬೇಡಿ. ಇದರಿಂದ ಎಷ್ಟು ಗಳಿಸಿದಿರಿ ಎಂದು ಲೆಕ್ಕ ಹಾಕಲು ಬರುವುದಿಲ್ಲ, ಆದರೆ ಅಂಥ ದಿನ ಹೊರಗೆ ಹಾಕಿದ ಸಂಸ್ಥೆಯ ಹೆಸರು ಓದುವ ಕೊಠಡಿಗಳಲ್ಲಿ ಬಹುಕಾಲ ಓಡಾಡುತ್ತದೆ.

ಗ್ರೇಸ್ ಅವಧಿಯೊಳಗೆ ಹಣ ಬಂದರೆ ಮುಂದಿನ ನವೀಕರಣದ ತಾರೀಕು ಹಳೆಯದೇ ಇರಲಿ, ಏಕೆಂದರೆ ಆ ದಿನಗಳ ತರಗತಿಯನ್ನು ಅವರು ಪಡೆದಿದ್ದಾರೆ. ಮುಚ್ಚಿದ ನಂತರ ಬಂದರೆ ಕಟ್ಟಿದ ದಿನದಿಂದ ಹೊಸ ತಿಂಗಳು ಆರಂಭವಾಗಲಿ. ಆ್ಯಪಲ್ ಮತ್ತು ಗೂಗಲ್ ಆ್ಯಪ್ ಅಂಗಡಿಗಳು ಅನುಸರಿಸುವುದೂ ಇದನ್ನೇ. ಆದರೆ ಯುಪಿಐ ಮ್ಯಾಂಡೇಟನ್ನು ಮಾಸಿಕ ಎಂದು ನಿಗದಿತ ತಾರೀಕಿಗೆ ಪಡೆದಿದ್ದರೆ ತಾರೀಕು ಸರಿಸುವುದು ಸುಲಭವಲ್ಲ. ಹೊಸ ಚಂದಾದಾರರಿಂದ ಮ್ಯಾಂಡೇಟ್ ಪಡೆಯುವಾಗ ಆವರ್ತನವನ್ನು `ASPRESENTED`, ಅಂದರೆ ನಿಗದಿತ ತಾರೀಕಿಲ್ಲದೆ ನೀವು ಕೋರಿದಾಗ ಕಡಿತ, ಎಂದು ಇಡಲು ಗೇಟ್‌ವೇ ಒಪ್ಪಿದರೆ ಹಾಗೆ ಮಾಡಿ. ಆಗ ಪ್ರತಿ ತಿಂಗಳೂ 27ಕ್ಕೆ ವಿಫಲವಾಗಿ 5ಕ್ಕೆ ಕಟ್ಟುವ ವಿದ್ಯಾರ್ಥಿಯನ್ನು ಕೇಳಿ ಅವರ ತಾರೀಕನ್ನೇ 5ಕ್ಕೆ ಸರಿಸಬಹುದು, ಅವರಿಗೆ ಗ್ರೇಸ್ ಅವಧಿಯ ಅಗತ್ಯವೇ ತಪ್ಪುತ್ತದೆ. ನಿಮ್ಮ ಪಟ್ಟಿಯಲ್ಲಿ ಹೀಗೆ ಸತತ ಮೂರು ತಿಂಗಳು ಒಂದೇ ರೀತಿ ತಡವಾಗಿ ಕಟ್ಟಿದವರು ಎಷ್ಟಿದ್ದಾರೆ ಎಂದು ನೋಡಿ. ಅವರನ್ನು ಬೇಕೆಂದೇ ತಡ ಮಾಡುವವರು ಎಂದು ಎಣಿಸುವ ಮುನ್ನ ತಾರೀಕು ಬದಲಿಸಿ ಪರೀಕ್ಷಿಸುವುದು ನ್ಯಾಯ, ಮತ್ತು ಎರಡು ದಿನದ ಶಿಕ್ಷೆಯ ನಿಯಮವನ್ನು ಅವರಿಗೆ ಅಲ್ಲಿಯವರೆಗೆ ಅನ್ವಯಿಸಬೇಡಿ.

ಐದು ದಿನ, ಎಂಟನೇ ತಾರೀಕು ಎಂಬ ನನ್ನ ಅಂದಾಜುಗಳು ನಿಮ್ಮಲ್ಲಿ ಸರಿಯೇ ಎಂದು ತಿಳಿಯಲು ಗ್ರಾಹಕರ ಸಂಖ್ಯೆಯ ಸಮ ಬೆಸ ನೋಡಿ ತಿಂಗಳ ನಡುವಿನವರಲ್ಲಿ ಅರ್ಧ ಜನರಿಗೆ ಐದು ದಿನ, ಉಳಿದರ್ಧಕ್ಕೆ ಹತ್ತು ದಿನ ಕೊಡಿ. ಹೋಲಿಕೆಯನ್ನು ಹತ್ತನೇ ದಿನ ಮಾಡಬೇಡಿ, ಏಕೆಂದರೆ ಆಗ ಒಂದು ಗುಂಪಿನ ಬಾಗಿಲು ಈಗಷ್ಟೇ ಮುಚ್ಚಿರುತ್ತದೆ. ನಲವತ್ತೈದನೇ ದಿನ ಯಾವ ಗುಂಪಿನಲ್ಲಿ ಹೆಚ್ಚು ಜನ ಹಣ ಕೊಟ್ಟು ಉಳಿದಿದ್ದಾರೆ ಎಂದು ಎಣಿಸಿ. ಆ ಹೊತ್ತಿಗೆ ಎರಡನೆಯ ತಿಂಗಳ ಕಡಿತವೂ ಆಗಿರುತ್ತದೆ. ಒಂದು ತಿಂಗಳಲ್ಲಿ ಪ್ರತಿ ಗುಂಪಿಗೆ ಇಪ್ಪತ್ತು ಜನ ಸಿಕ್ಕರೆ ಇಬ್ಬರು ಮೂವರ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ, ಅದು ಕೇವಲ ಆಕಸ್ಮಿಕವಾಗಿರಬಹುದು. ಆರು ತಿಂಗಳ ಸಂಖ್ಯೆಗಳನ್ನು ಕೂಡಿಸಿ ನೋಡಿದ ಮೇಲೂ ವ್ಯತ್ಯಾಸ ಕಾಣದಿದ್ದರೆ ಐದು ದಿನವನ್ನೇ ಇಟ್ಟುಕೊಳ್ಳಿ.

ಒಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಬಾಗಿಲು ಮುಚ್ಚಿದ ಮೇಲೂ ಮ್ಯಾಂಡೇಟ್ ಜೀವಂತವಾಗಿರುತ್ತದೆ, ಮತ್ತು ಮುಂದಿನ ತಿಂಗಳ ತಾರೀಕು ಬಂದಾಗ ವ್ಯವಸ್ಥೆ ತಾನಾಗಿಯೇ ಮತ್ತೆ ಕಡಿತಕ್ಕೆ ಹೊರಡಬಹುದು. ಇಪ್ಪತ್ತು ದಿನದಿಂದ ತರಗತಿ ನೋಡದ ವಿದ್ಯಾರ್ಥಿಯ ಖಾತೆಯಿಂದ 299 ಹೋದರೆ ಅದು ವಸೂಲಿಯಲ್ಲ, ದೂರಿಗೆ ಆಹ್ವಾನ. ಕಡಿತಕ್ಕೆ ಕನಿಷ್ಠ 24 ಗಂಟೆ ಮುನ್ನ ಸೂಚನೆ ಹೋಗಲೇಬೇಕು ಎಂಬ ನಿಯಮವಿದ್ದರೂ ಆ ಸೂಚನೆಯನ್ನು ಎಲ್ಲರೂ ಓದುವುದಿಲ್ಲ. ನನ್ನ ಸಲಹೆ ಹೀಗಿದೆ: ಮುಚ್ಚಿದ ನಂತರ ಒಮ್ಮೆಯಾದರೂ ಆ್ಯಪ್ ತೆರೆದು ತಮ್ಮ ಟಿಪ್ಪಣಿ, ಅಂಕಗಳನ್ನು ನೋಡಿದವರ ಮೇಲೆ ಮಾತ್ರ, ಮುನ್ಸೂಚನೆಯ ಜೊತೆಗೆ ನಿಮ್ಮದೇ ಒಂದು ಸಂದೇಶವನ್ನೂ ಕಳುಹಿಸಿ, ಮುಂದಿನ ತಿಂಗಳು ಒಂದೇ ಬಾರಿ ಕಡಿತಕ್ಕೆ ಪ್ರಯತ್ನಿಸಿ, ಹಣ ಬಂದ ಕ್ಷಣದಲ್ಲೇ ಎಲ್ಲವೂ ತೆರೆದುಕೊಳ್ಳಲಿ. ಅಷ್ಟೂ ದಿನ ಆ್ಯಪ್ ತೆರೆಯದವರ ಮ್ಯಾಂಡೇಟನ್ನು ನೀವೇ ರದ್ದು ಮಾಡಿ, ರದ್ದಾಗಿದೆ ಎಂದು ತಿಳಿಸಿಬಿಡಿ.